ಮನೆಯ ಪತ್ರ ಅಡವಿಟ್ಟು ಸಾಲ ತೆಗೆದೆ: ನಾನು ಮಾಡಿದ ಎರಡು ತಪ್ಪು

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಶಾಲೆಗಳ ನೋಟ್‌ಬುಕ್ಕಿನ ರಟ್ಟು, ಇಂಥವೇ ಕೆಲಸ. ಮೂರು ವರ್ಷದ ಹಿಂದೆ ನಾಲ್ಕು ಬಣ್ಣದ ಆಫ್‌ಸೆಟ್ ಯಂತ್ರ ತರಬೇಕೆಂಬ ಹುಚ್ಚು ಹಿಡಿಯಿತು. ಶಿವಕಾಶಿಯ ವ್ಯಾಪಾರಿಯೊಬ್ಬರ ಬಳಿ ಬಳಸಿದ ಯಂತ್ರ 40 ಲಕ್ಷಕ್ಕೆ ಸಿಗುತ್ತಿತ್ತು. ಉಳಿತಾಯ ಎಂಟು ಲಕ್ಷವಿತ್ತು. ಉಳಿದ 32 ಲಕ್ಷ, ಯಂತ್ರ ಕೂರಿಸುವ ಖರ್ಚು, ಕಾಗದದ ದಾಸ್ತಾನು ಎಲ್ಲ ಸೇರಿ ಇನ್ನೂ 40 ಲಕ್ಷ ಬೇಕಾಗಿತ್ತು. ಅಮ್ಮನ ಹೆಸರಿನಲ್ಲಿದ್ದ ಮನೆಯನ್ನು ಅಡವಿಟ್ಟು ತೆಗೆಯೋಣ ಎಂದುಕೊಂಡೆ. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಅವರು ಮಾಡಿದ್ದರಲ್ಲಿ ಹೆಚ್ಚಿನದೆಲ್ಲ ನಾನು ಸಹಿ ಹಾಕಿದ ಕಾಗದದಲ್ಲೇ ಇತ್ತು, ಓದದವನು ನಾನು.

ಮನೆ 30x40 ನಿವೇಶನದಲ್ಲಿದೆ. ಅಪ್ಪ ಕಟ್ಟಿಸಿದ ಕೆಳಮನೆ, ಅದರ ಮೇಲೆ ನಾನು ಎಬ್ಬಿಸಿದ ಮೊದಲ ಮಹಡಿ. ನಮ್ಮ ಬೀದಿಯ ದಲ್ಲಾಳಿಯನ್ನು ಕೇಳಿದರೆ ಕಣ್ಣು ಮುಚ್ಚಿ 80 ಲಕ್ಷ ಎಂದರು. ಬ್ಯಾಂಕಿನಿಂದ ಬಂದ ಹುಡುಗ, 'ಸರ್, ಮೌಲ್ಯದ ಶೇ. 65ರಷ್ಟು ಕೊಡುತ್ತೇವೆ' ಎಂದ. ನಾನು ಮನಸ್ಸಿನಲ್ಲೇ ಗುಣಿಸಿಕೊಂಡೆ: 52 ಲಕ್ಷ. ಒಂದೇ ವಾರದಲ್ಲಿ ಮಂಜೂರಾತಿ ಪತ್ರವೂ ಬಂತು, 45 ಲಕ್ಷಕ್ಕೆ. ಅದರ ಎರಡನೇ ಪುಟದ ಕೆಳಗೆ 'ಕಾನೂನು ಮತ್ತು ತಾಂತ್ರಿಕ ಪರಿಶೀಲನೆಗೆ ಒಳಪಟ್ಟಿದೆ' ಎಂಬರ್ಥದ ಸಾಲೊಂದಿತ್ತು. ನಾನು ನೋಡಿದ್ದು 45 ಲಕ್ಷ ಎಂಬ ದಪ್ಪಕ್ಷರವನ್ನು ಮಾತ್ರ. ಅಂದೇ ಸಂಜೆ ಶಿವಕಾಶಿಗೆ ಎಂಟು ಲಕ್ಷ ಮುಂಗಡ ಕಳುಹಿಸಿಬಿಟ್ಟೆ. ಬಾಕಿಯನ್ನು 45 ದಿನದೊಳಗೆ ಕೊಡದಿದ್ದರೆ ಮುಂಗಡ ವಾಪಸಿಲ್ಲ ಎಂಬ ಕರಾರು.

ಇದೇ ಮೊದಲ ತಪ್ಪು. ಆ ಮಂಜೂರಾತಿ ಪತ್ರ ನನ್ನ ಆದಾಯ ತೆರಿಗೆಯ ಕಾಗದಗಳನ್ನೂ ಹಳೆಯ ಕಂತುಗಳ ದಾಖಲೆಯನ್ನೂ ನೋಡಿ ಕೊಟ್ಟದ್ದು. ಮನೆಯನ್ನು ಇನ್ನೂ ಯಾರೂ ನೋಡಿರಲಿಲ್ಲ.

ಮನೆ ನೋಡಲು ಮೌಲ್ಯಮಾಪಕರು ಬಂದದ್ದು ಹತ್ತು ದಿನದ ನಂತರ. ಕೈಯಲ್ಲಿ ಟೇಪು, ಕಂಕುಳಲ್ಲಿ ನಮ್ಮದೇ ಕ್ರಯಪತ್ರದ ಮತ್ತು ಮಂಜೂರಾದ ನಕ್ಷೆಯ ಜೆರಾಕ್ಸ್. ಕೆಳಗಿನ ಕೋಣೆಗಳನ್ನು ಅಳೆದರು, ಹೊರಗೆ ನಿಂತು ನಾಲ್ಕೂ ಕಡೆಯ ಫೋಟೋ ತೆಗೆದರು. 'ಮೇಲೆ ಬನ್ನಿ ಸರ್, ಮಾರ್ಬಲ್ ಹಾಕಿಸಿದ್ದೇನೆ' ಎಂದು ಮೆಟ್ಟಿಲ ಕಡೆ ಕೈ ತೋರಿಸಿದೆ. ಅವರು ನಕ್ಷೆಯನ್ನು ತಿರುಗಿಸಿ ನನ್ನ ಮುಂದೆ ಹಿಡಿದರು. 'ನಿಮ್ಮ ಪರವಾನಗಿ ನೆಲಮಹಡಿಗೆ ಮಾತ್ರ ಇದೆ. ಮೇಲಿನದು ನನ್ನ ಲೆಕ್ಕಕ್ಕೆ ಬರುವುದಿಲ್ಲ' ಎಂದರು. ಮಾರ್ಬಲ್ ನೋಡಲೂ ಹತ್ತಲಿಲ್ಲ. ಅಮ್ಮ ತಂದಿಟ್ಟ ಕಾಫಿಯನ್ನಷ್ಟೇ ಕುಡಿದು ಹೋದರು.

ಅವರ ಲೆಕ್ಕ ಹೀಗಿತ್ತು. ನಿವೇಶನ 1,200 ಚದರಡಿ. ದಲ್ಲಾಳಿ ಚದರಡಿಗೆ 4,000 ಎಂದಿದ್ದ ಜಾಗಕ್ಕೆ ಇವರು ಹಾಕಿದ್ದು 3,200. ಹತ್ತಿರದಲ್ಲಿ ನಿಜವಾಗಿ ನೋಂದಣಿಯಾದ ಕ್ರಯಗಳನ್ನೂ ಸರ್ಕಾರದ ಮಾರ್ಗಸೂಚಿ ದರವನ್ನೂ ಪಕ್ಕಪಕ್ಕ ಇಟ್ಟು ನೋಡಿದ ದರವಂತೆ. ಅಲ್ಲಿಗೆ 38.40 ಲಕ್ಷ. ಕೆಳಮನೆ 900 ಚದರಡಿ, ಇಂದು ಹೊಸದಾಗಿ ಕಟ್ಟಿದರೆ ಚದರಡಿಗೆ 1,800ರಂತೆ 16.20 ಲಕ್ಷ. ಆದರೆ ಕಟ್ಟಡಕ್ಕೆ 25 ವರ್ಷ ವಯಸ್ಸಾಗಿದೆ ಎಂದು ಶೇ. 40 ಸವಕಳಿ ಕಳೆದರು, ಉಳಿದದ್ದು 9.72 ಲಕ್ಷ. ಮಹಡಿಗೆ ಸೊನ್ನೆ. ಒಟ್ಟು 48 ಲಕ್ಷ ಎಂದು ಬರೆದರು. ನಾನು ಮಹಡಿಗೆ ಸುರಿದ ದುಡ್ಡು ಬಾಡಿಗೆಯನ್ನೇನೋ ತರುತ್ತಿದೆ, ಆದರೆ ಬ್ಯಾಂಕಿನ ಕಣ್ಣಿಗೆ ಅದು ಇಲ್ಲವೇ ಇಲ್ಲ.

ನಕ್ಷೆ ಮೀರಿ ಕಟ್ಟಿದ ಮನೆಯಾದ್ದರಿಂದ ಶೇ. 65ರ ಬದಲು 55 ಮಾತ್ರ ಎಂದರು. 48 ಲಕ್ಷದ 55 ಎಂದರೆ 26.40 ಲಕ್ಷ. ಎಲ್‌ಟಿವಿ ಎಂದು ಬ್ಯಾಂಕಿನವರು ಕರೆಯುವುದು ಇದನ್ನೇ, ಆಸ್ತಿಯ ಬೆಲೆಯ ಎಷ್ಟು ಪಾಲನ್ನು ಸಾಲವಾಗಿ ಕೊಡುತ್ತಾರೆ ಎಂಬ ಲೆಕ್ಕ. ಮನೆ ಕೊಳ್ಳಲು ತೆಗೆಯುವ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ: 30 ಲಕ್ಷದವರೆಗಿನ ಸಾಲಕ್ಕೆ ಶೇ. 90, ಅದರಾಚೆ 75 ಲಕ್ಷದವರೆಗೆ 80, ಅದಕ್ಕೂ ಮೇಲೆ 75. ಅದನ್ನು ಎಲ್ಲೋ ಓದಿದ್ದ ನಾನು, ಇದ್ದ ಮನೆಯ ಮೇಲೆ ತೆಗೆಯುವ ಸಾಲಕ್ಕೂ ಹೆಚ್ಚು ಕಡಿಮೆ ಅದೇ ಇರಬೇಕೆಂದುಕೊಂಡಿದ್ದೆ. ಹಾಗಿಲ್ಲ. ಇಲ್ಲಿ ಪ್ರಮಾಣವನ್ನು ಆಯಾ ಬ್ಯಾಂಕೇ ನಿರ್ಧರಿಸುತ್ತದೆ, ಸಾಮಾನ್ಯವಾಗಿ 50ರಿಂದ 70ರ ನಡುವೆ. ನಾಳೆ ಹರಾಜಿಗೆ ಇಡಬೇಕಾಗಿ ಬಂದರೆ ಬೆಲೆ ಬಿದ್ದಿರಬಹುದು, ಕೊಳ್ಳುವವರು ಚೌಕಾಸಿ ಮಾಡಬಹುದು, ಅಷ್ಟರಲ್ಲಿ ಬಡ್ಡಿಯೂ ಬೆಳೆದಿರುತ್ತದೆ. ಅಷ್ಟಾದ ಮೇಲೂ ತಮ್ಮ ಅಸಲು ಮುಳುಗಬಾರದು ಎಂದು ಉಳಿಸಿಕೊಳ್ಳುವ ಅಂತರ ಅದು. ಹುಡುಗ ಹೇಳಿದ 'ಶೇ. 65' ಸುಳ್ಳಾಗಿರಲಿಲ್ಲ. ಯಾವ ಬೆಲೆಯ 65 ಎಂದು ನಾನು ಕೇಳಲಿಲ್ಲ, ಅಷ್ಟೇ.

ಆ 26.40 ಲಕ್ಷವೂ ಪೂರ್ತಿ ಕೈಗೆ ಬರಲಿಲ್ಲ. ಪರಿಶೀಲನಾ ಶುಲ್ಕ ಶೇ. 1, ಅದರ ಮೇಲೆ ಜಿಎಸ್‌ಟಿ, ವಕೀಲರ ಮತ್ತು ಮೌಲ್ಯಮಾಪಕರ ಶುಲ್ಕ, ಹಕ್ಕುಪತ್ರ ಠೇವಣಿಯ ಮುದ್ರಾಂಕ, ಜತೆಗೆ ಒಂದೇ ಕಂತಿನ ವಿಮೆ ಎಂದು 1.05 ಲಕ್ಷ. ಕೊನೆಗೆ ಖಾತೆಗೆ ಬಿದ್ದದ್ದು 24.90 ಲಕ್ಷ. ವಿಮೆ ಕಡ್ಡಾಯವೆಂದು ಯಾವ ಕಾಗದದಲ್ಲೂ ಇರಲಿಲ್ಲ. 'ಎಲ್ಲರೂ ಮಾಡಿಸುತ್ತಾರೆ ಸರ್' ಎಂದರು, ಮಾಡಿಸಿದೆ. ಆ 1.05 ಲಕ್ಷಕ್ಕೂ ಹದಿನೈದು ವರ್ಷ ಬಡ್ಡಿ ಕಟ್ಟುತ್ತೇನೆ.

ಮುಂಗಡ ಕಳೆದುಕೊಳ್ಳುವ ಗಡುವಿಗೆ ಎರಡೇ ವಾರ ಉಳಿದಿತ್ತು. ಹದಿನೈದು ಲಕ್ಷದ ಕೊರತೆ. ಮೊಬೈಲಿಗೆ ದಿನಾ ಸಂದೇಶ ಕಳುಹಿಸುತ್ತಿದ್ದ ಹಣಕಾಸು ಸಂಸ್ಥೆಯೊಂದರಲ್ಲಿ ವ್ಯಾಪಾರದ ಸಾಲ ತೆಗೆದೆ. ಪತ್ರ ಬೇಡ, ಜಾಮೀನು ಬೇಡ, ಮೂರು ದಿನದಲ್ಲಿ ಹಣ. ಇದು ಆಧಾರವಿಲ್ಲದ ಸಾಲ. ವಸೂಲಿಗೆ ಹಿಡಿದುಕೊಳ್ಳಲು ಏನೂ ಇಲ್ಲದ್ದರಿಂದ ಬಡ್ಡಿ ಶೇ. 19, ಅವಧಿ ಮೂರೇ ವರ್ಷ, ತಿಂಗಳ ಕಂತು 55,000. ಮನೆಯ ಮೇಲಿನ 26.40 ಲಕ್ಷಕ್ಕೆ ಶೇ. 11.5ರಂತೆ ಹದಿನೈದು ವರ್ಷಕ್ಕೆ ಕಂತು 30,840 ಮಾತ್ರ. ಸಣ್ಣ ಸಾಲದ ಕಂತು ದೊಡ್ಡದು, ದೊಡ್ಡ ಸಾಲದ ಕಂತು ಸಣ್ಣದು. ಎರಡೂ ಸೇರಿ ತಿಂಗಳಿಗೆ ಸುಮಾರು 86,000.

ಹದಿನಾಲ್ಕು ತಿಂಗಳು ಹೇಗೋ ನಡೆಯಿತು. ಆಮೇಲೆ ನೋಟ್‌ಬುಕ್ ಮಾಡಿಸಿಕೊಂಡಿದ್ದ ಶಾಲೆಯೊಂದು ಐದು ತಿಂಗಳು ಹಣ ಕೊಡಲಿಲ್ಲ. ಎರಡೂ ಕಂತು ಕಟ್ಟಲಾಗದ ತಿಂಗಳುಗಳಲ್ಲಿ ನಾನು ಎರಡನೇ ತಪ್ಪು ಮಾಡಿದೆ, ಮೊದಲನೆಯದಕ್ಕಿಂತ ದೊಡ್ಡದು.

ಆಧಾರವಿಲ್ಲದ ಸಾಲದವರು ಕಂತು ತಪ್ಪಿದ ಮರುದಿನವೇ ಫೋನ್ ಮಾಡುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಒಬ್ಬ ಮುದ್ರಣಾಲಯದ ಬಾಗಿಲಲ್ಲೇ ಗಿರಾಕಿಗಳ ಎದುರು ಬಂದು ಕುಳಿತ. ಮನೆಸಾಲದ ಬ್ಯಾಂಕಿನಿಂದ ಬಂದದ್ದು ಒಂದು ಸಂದೇಶ, ಒಂದು ಮರ್ಯಾದೆಯ ಪತ್ರ. ಗಲಾಟೆ ಮಾಡಿದವನ ಬಾಯಿ ಮುಚ್ಚಿಸಲು ಇದ್ದ ಹಣವನ್ನೆಲ್ಲ ಅವನಿಗೆ ಕಟ್ಟಿದೆ. ಸುಮ್ಮನಿದ್ದವರನ್ನು 'ಮುಂದಿನ ತಿಂಗಳು ನೋಡೋಣ' ಎಂದು ಬಿಟ್ಟೆ.

ಸುಮ್ಮನಿದ್ದವರು ಯಾಕೆ ಸುಮ್ಮನಿದ್ದರು ಎಂಬುದು ಆಮೇಲೆ ತಿಳಿಯಿತು. ಗಲಾಟೆ ಮಾಡುವವನ ಕೈಯಲ್ಲಿ ಗಲಾಟೆ ಬಿಟ್ಟು ಬೇರೇನೂ ಇರುವುದಿಲ್ಲ. ಅವನು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು ಅಥವಾ ಪಂಚಾಯ್ತಿದಾರರನ್ನು ನೇಮಿಸಬೇಕು, ಆದೇಶ ಪಡೆದ ಮೇಲೆ ಆಸ್ತಿ ಜಪ್ತಿ ಕೇಳಬೇಕು. ಚೆಕ್ ಬೌನ್ಸ್ ಆಗಿದ್ದರೆ ಆ ಮೊಕದ್ದಮೆ ಬೇರೆ, ಹಾಗಾಗಿ ಅದನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಮನೆ ಅಡವಿಟ್ಟುಕೊಂಡ ಬ್ಯಾಂಕಿಗೆ 2002ರ ಸರ್ಫೇಸಿ ಕಾಯ್ದೆ ಇದೆ. ಬಾಕಿ 90 ದಿನ ದಾಟಿದರೆ ಸಾಲ ವಸೂಲಾಗದ ಸಾಲವೆಂದು ದಾಖಲಾಗುತ್ತದೆ. ಆಮೇಲೆ 13(2) ಕಲಮಿನ ನೋಟಿಸ್: 60 ದಿನದೊಳಗೆ ಪೂರ್ತಿ ಸಾಲ ಕಟ್ಟಿ. ಕಟ್ಟದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು.

ಆ ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಅಮ್ಮನ ಹೆಸರಿಗೂ ಬಂತು, ಮನೆ ಅವರದಲ್ಲವೇ. ಇಂಗ್ಲಿಷ್ ಬಾರದ ಅಮ್ಮ ಕನ್ನಡಕ ಹಾಕಿಕೊಂಡು ಅದರಲ್ಲಿ ತಮಗೆ ಗುರುತು ಸಿಕ್ಕ ಒಂದೇ ಒಂದು ವಿಷಯವನ್ನು, ಮನೆಯ ನಂಬರನ್ನು, ಬೆರಳಿಟ್ಟು ತೋರಿಸಿ 'ಇದು ನಮ್ಮದೇ ಅಲ್ಲವೇನೋ?' ಎಂದರು. ಕೇಳಿದ್ದ ಮೊತ್ತ 26.60 ಲಕ್ಷ ಚಿಲ್ಲರೆ. ಹದಿನಾಲ್ಕು ಕಂತುಗಳಲ್ಲಿ 4.31 ಲಕ್ಷ ಕಟ್ಟಿದ ಮೇಲೂ ತೆಗೆದದ್ದಕ್ಕಿಂತ ಹೆಚ್ಚು ಬಾಕಿ. ಲೆಕ್ಕ ತಪ್ಪಿರಲಿಲ್ಲ. ಮೊದಲ ಕಂತಿನ 30,840ರಲ್ಲಿ 25,300 ಬಡ್ಡಿಗೇ ಹೋಗುತ್ತದೆ. ಹದಿನಾಲ್ಕು ತಿಂಗಳಲ್ಲಿ ಅಸಲು ಇಳಿದದ್ದು 83,000 ಮಾತ್ರ, ನಾಲ್ಕು ತಿಂಗಳ ಬಾಕಿ ಬಡ್ಡಿಯೂ ದಂಡವೂ ಅದನ್ನು ನುಂಗಿದ್ದವು.

ವಕೀಲರೊಬ್ಬರು ಮಾಡಿಸಿದ ಮೊದಲ ಕೆಲಸ, ನೋಟಿಸಿಗೆ ಲಿಖಿತ ಆಕ್ಷೇಪಣೆ. ಅದನ್ನು ಒಪ್ಪದಿದ್ದರೆ ಬ್ಯಾಂಕು 15 ದಿನದಲ್ಲಿ ಕಾರಣ ತಿಳಿಸಬೇಕು. ಸ್ವಾಧೀನದ ಹಂತಕ್ಕೆ ಹೋದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು ಎಂದೂ ಹೇಳಿದರು. ಆದರೆ ಅವರ ನಿಜವಾದ ಸಲಹೆ ಬೇರೆ ಇತ್ತು: 'ಅರ್ಧಂಬರ್ಧ ಕಟ್ಟಬೇಡಿ. ಒಂದೆರಡು ಕಂತು ಕಟ್ಟಿದರೆ ಖಾತೆ ಸರಿಯಾಗುವುದಿಲ್ಲ. ಬಾಕಿ ಪೂರ್ತಿ ತೀರಿದರೆ ಮಾತ್ರ ಅದು ಮತ್ತೆ ಮಾಮೂಲು ಸಾಲವಾಗುತ್ತದೆ.' ಹಳೆಯ ಎರಡು ಬಣ್ಣದ ಯಂತ್ರವನ್ನು ಬಂದ ಬೆಲೆಗೆ ಮಾರಿದೆ. ತಪ್ಪಿದ ಅಷ್ಟೂ ಕಂತುಗಳನ್ನು ಬಡ್ಡಿ, ದಂಡ, ನೋಟಿಸಿನ ಖರ್ಚು ಸಮೇತ ಒಂದೇ ದಿನ ಕಟ್ಟಿ, ಇನ್ನು ಮುಂದೆ ಕ್ರಮವಿಲ್ಲವೆಂದು ಬರವಣಿಗೆಯಲ್ಲಿ ಪಡೆದೆ. ಆಧಾರವಿಲ್ಲದ ಸಾಲದವರ ಜತೆ ಕುಳಿತು ಅವಧಿಯನ್ನು ಹಿಗ್ಗಿಸಿಕೊಂಡೆ. ಒಟ್ಟು ಬಡ್ಡಿ ಹೆಚ್ಚಾಯಿತು, ಆದರೆ ಕಂತು ಕೈಗೆ ನಿಲುಕುವಂತಾಯಿತು.

ಇದೇ ದಾರಿಯಲ್ಲಿರುವವರು ಯಾರಿಗಾದರೂ ಮುಂಗಡ ಕೊಡುವ ಮೊದಲು ಮೌಲ್ಯಮಾಪಕರ ವರದಿ ಬಂದಿದೆಯೇ ನೋಡಿ, ಅದರಲ್ಲಿ ಬರೆದ ಮೊತ್ತವೇನೆಂದು ಬ್ಯಾಂಕಿನಿಂದ ಇಮೇಲ್ ತರಿಸಿಕೊಳ್ಳಿ. ಮನೆಯ ನಕ್ಷೆಯನ್ನು ನೀವೇ ಒಮ್ಮೆ ಗೋಡೆಗಳ ಜತೆ ಹೋಲಿಸಿ. ಕ್ರೆಡಿಟ್ ಕಾರ್ಡು, ಕೈಸಾಲಗಳನ್ನೆಲ್ಲ ಸೇರಿಸಿ 'ಕಡಿಮೆ ಬಡ್ಡಿಗೆ' ಮನೆಯ ಮೇಲೆ ಒಂದೇ ಸಾಲ ಮಾಡಿಕೊಡುತ್ತೇವೆ ಎನ್ನುವವರು ಈಗೀಗ ಬಹಳ ಮಂದಿ ಫೋನ್ ಮಾಡುತ್ತಾರೆ. ಬಡ್ಡಿ ಕಡಿಮೆಯಾಗುವುದು ನಿಜ. ಅಲ್ಲಿಯವರೆಗೆ ಮನೆಗೆ ಸಂಬಂಧವೇ ಇಲ್ಲದಿದ್ದ ಸಾಲ ಮನೆಯ ಸಾಲವಾಗುವುದೂ ಅಷ್ಟೇ ನಿಜ.

ಇನ್ನು ಹನ್ನೆರಡು ವರ್ಷದ ಕಂತಿದೆ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸು ಕೊಡಬೇಕು, ಬ್ಯಾಂಕಿನ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು 2023ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಅದನ್ನು ಅಮ್ಮನಿಗೆ ಓದಿ ಹೇಳಿದೆ. ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ ಪತ್ರವಿದ್ದ ಜಾಗದಲ್ಲಿ ಈಗ ಜೆರಾಕ್ಸ್ ಇಟ್ಟುಕೊಂಡಿದ್ದಾರೆ. ಹನ್ನೆರಡು ವರ್ಷವೇ ಎಂದು ಕೇಳಿ, ತಮಗಾಗ ಎಷ್ಟು ವಯಸ್ಸಾಗಿರುತ್ತದೆ ಎಂದು ಬೆರಳು ಮಡಿಚಿ ಎಣಿಸತೊಡಗಿದರು.