ಒಂದೇ ಫೋಟೋ ಕೊಟ್ಟು ಸ್ಪ್ರೈಟ್ ಶೀಟ್ ಮಾಡಿಸಿ ಕೈ ಸುಟ್ಟುಕೊಂಡ ಕಥೆ

ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರ್‌ನನ್ನು ಹೀರೋ ಮಾಡಿ ಒಂದು ಸಣ್ಣ ಆಟ ಮಾಡುತ್ತಿದ್ದೇನೆ. ಸಂಜೆ ಕೆಲಸ ಮುಗಿಸಿ ಬಂದ ಮೇಲೆ ಕೂತು ಮಾಡುವ ಆಟ. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ನುಗ್ಗುತ್ತಾ, ಕೊನೆಯ ಸ್ಟಾಪ್ ಸ್ಟೇಟ್‌ಬ್ಯಾಂಕ್ ಮುಟ್ಟುವುದರೊಳಗೆ ಎಲ್ಲರಿಗೂ ಟಿಕೆಟ್ ಕೊಡಬೇಕು, ಅಷ್ಟೇ. ಪಾತ್ರಕ್ಕೆ ನಾನು ದಿನಾ ಹೋಗುವ ಬಸ್ಸಿನ ಕಂಡಕ್ಟರ್ ಅಣ್ಣನನ್ನೇ ಕೇಳಿದೆ. "ಅದಕ್ಕೆಂತ, ಮಾಡು ಮಾರಾಯ" ಎಂದರು. ಅವರು ಫುಟ್‌ಬೋರ್ಡ್ ಮೇಲೆ ನಿಂತರು, ನಾನು ಕೆಳಗೆ ರಸ್ತೆಯಲ್ಲಿ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಒಂದೇ ಒಂದು. ನನ್ನ ತಪ್ಪು ಅಲ್ಲಿಂದಲೇ ಶುರು.

ನನಗೆ ಕೋಡ್ ಬರುತ್ತದೆ, ಚಿತ್ರ ಬರುವುದಿಲ್ಲ. ಆನ್‌ಲೈನಿನಲ್ಲಿ ಸಿಕ್ಕ ಒಬ್ಬ ಕಲಾವಿದರಿಗೆ ಆ ಫೋಟೋ ಕಳಿಸಿ, "ಪಿಕ್ಸೆಲ್ ಆರ್ಟ್, ನಿಲ್ಲುವುದು, ನಡೆಯುವುದು, ಟಿಕೆಟ್ ಕೊಡುವುದು" ಎಂದು ಮೂರು ಚಲನೆ ಹೇಳಿದೆ. 6,000 ರೂಪಾಯಿ ಪೂರ್ತಿ ಮುಂಗಡ ಕೊಟ್ಟೆ. ಅಳತೆ ಹೇಳಲಿಲ್ಲ. ಬಣ್ಣ ಎಷ್ಟು ಎಂದು ಹೇಳಲಿಲ್ಲ. ಮೂಲ ಫೈಲ್ ಬೇಕು ಎಂದೂ ಹೇಳಲಿಲ್ಲ. ಹತ್ತು ದಿನ ಬಿಟ್ಟು ವಾಟ್ಸಾಪಿನಲ್ಲಿ ಸ್ಪ್ರೈಟ್ ಶೀಟ್ ಬಂತು, ಅಂದರೆ ಚಲನೆಯ ಒಂದೊಂದು ಭಂಗಿಯನ್ನೂ ಸಾಲಾಗಿ ಇಟ್ಟ ಒಂದೇ ಚಿತ್ರ. ಫೋನಿನಲ್ಲಿ ನೋಡಿದಾಗ ಚಂದ ಕಂಡಿತು, ಸುಮ್ನೆ ಯಾಕೆ ಸುಳ್ಳು ಹೇಳಲಿ. ಥ್ಯಾಂಕ್ಸ್ ಅಂತಲೂ ಬರೆದುಬಿಟ್ಟೆ.

ಆಟ ಮಾಡುವ ಎಂಜಿನ್ ಗೊಡೋಗೆ ಹಾಕಿದ ಮೇಲೆ ಗೊತ್ತಾಯಿತು. ಮೊದಲನೆಯದಾಗಿ ಹಿನ್ನೆಲೆ ಬಿಳಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಜೆಪೆಗ್ ಆಗುತ್ತದೆ, ಪಾರದರ್ಶಕ ಹಿನ್ನೆಲೆ ಉಳಿಯುವುದಿಲ್ಲ, ಅಂಚಿನ ಸುತ್ತ ಕೊಳೆ ಹಿಡಿದಂತೆ ಮಬ್ಬು ಬಣ್ಣ ಸೇರಿಕೊಳ್ಳುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಕೇಳಿ ಪಿಎನ್‌ಜಿ ತರಿಸಿಕೊಂಡೆ. ಅದು ಸರಿಯಾಯಿತು.

ಸರಿಯಾಗದ್ದು ಅಳತೆ. ಶೀಟಿನ ಅಗಲ 1030 ಪಿಕ್ಸೆಲ್, ನಡೆಯುವ ಸಾಲಿನಲ್ಲಿ 8 ಫ್ರೇಮ್. ಭಾಗಿಸಿ ನೋಡಿ: 128.75. ಪಿಕ್ಸೆಲ್ ಆರ್ಟಿನಲ್ಲಿ ಮುಕ್ಕಾಲು ಪಿಕ್ಸೆಲ್ ಅಂತ ಒಂದಿಲ್ಲ. ಅಂದರೆ ಅವರು ಚೌಕಗಳ ಒಳಗೆ ಬಿಡಿಸಿಯೇ ಇರಲಿಲ್ಲ. ಒಂದೊಂದು ಆಕೃತಿ ಬಿಡಿಸಿ ಕಣ್ಣಳತೆಯಲ್ಲಿ ಪಕ್ಕಪಕ್ಕ ಇಟ್ಟಿದ್ದರು. ಎಂಜಿನ್ ಮಾತ್ರ ಶೀಟನ್ನು 8 ಸಮ ಪಾಲು ಮಾಡಿಯೇ ಕತ್ತರಿಸುತ್ತದೆ. ಹಾಗಾಗಿ ಐದನೇ ಫ್ರೇಮಿನ ಬೂಟಿನ ತುದಿ ಆರನೇ ಫ್ರೇಮಿನ ಅಂಚಿನಲ್ಲಿ ಕಾಣುತ್ತಿತ್ತು. ಪಾದ ಕೂಡ ಒಂದೇ ಎತ್ತರದಲ್ಲಿರಲಿಲ್ಲ, ಒಂದರಲ್ಲಿ ಎರಡು ಪಿಕ್ಸೆಲ್ ಮೇಲೆ, ಇನ್ನೊಂದರಲ್ಲಿ ಮೂರು ಕೆಳಗೆ. ಓಡಿಸಿದರೆ ಕಂಡಕ್ಟರ್ ನಡೆಯುತ್ತಿರಲಿಲ್ಲ, ಕಾದ ಕಾವಲಿ ಮೇಲೆ ನಿಂತವರ ಹಾಗೆ ಕುಣಿಯುತ್ತಿದ್ದ.

ಇದನ್ನು ಥ್ಯಾಂಕ್ಸ್ ಹೇಳುವ ಮೊದಲೇ ಪತ್ತೆ ಹಚ್ಚಬಹುದಿತ್ತು. ಅಗಲವನ್ನು ಫ್ರೇಮಿನ ಸಂಖ್ಯೆಯಿಂದ ಭಾಗಿಸುವುದು ಒಂದು ನಿಮಿಷದ ಕೆಲಸ. ಪಾದದ ಕೆಳಗೆ ಒಂದು ಅಡ್ಡಗೆರೆ ಎಳೆದು ಎಂಟೂ ಫ್ರೇಮನ್ನು ಒಂದರ ಮೇಲೊಂದು ಓಡಿಸುವುದು ಇನ್ನೆರಡು ನಿಮಿಷ. ಊರಿದ ಕಾಲು ಪ್ರತಿ ಸಲವೂ ಗೆರೆಗೆ ತಾಗಬೇಕು, ತಲೆ ಮಾತ್ರ ಒಂದೆರಡು ಪಿಕ್ಸೆಲ್ ಏರಿಳಿಯಬೇಕು. ನಾನು ಎರಡನ್ನೂ ಮಾಡಲಿಲ್ಲ.

ಇನ್ನು ಆಕೃತಿ. ಇದರಲ್ಲಿ ಕಲಾವಿದರನ್ನು ಬೈದು ಪ್ರಯೋಜನ ಇಲ್ಲ. ಕೆಳಗಿನಿಂದ ತೆಗೆದ ಫೋಟೋದಲ್ಲಿ ಬೂಟು ದೊಡ್ಡದು, ತಲೆ ಸಣ್ಣದು. ಅವರು ಇದ್ದದ್ದನ್ನು ಇದ್ದ ಹಾಗೆ ಬಿಡಿಸಿದರು. ನಡೆಯುವುದಕ್ಕೆ ಪಕ್ಕದ ನೋಟ ಬೇಕು, ನಾನು ಕೊಟ್ಟದ್ದು ಎದುರಿನದು ಮಾತ್ರ, ಉಳಿದದ್ದು ಅವರ ಊಹೆ. ಎಡಕ್ಕೆ ನಡೆಯುವ ಸಾಲೇ ಇರಲಿಲ್ಲ. ಬಲಕ್ಕೆ ನಡೆಯುವುದನ್ನೇ ನಾನು `flip_h` ಹಾಕಿ ತಿರುಗಿಸಿದೆ. ಬಸ್ಸಿನಲ್ಲಿ ಅಣ್ಣನಿಗೆ ತೋರಿಸಿದಾಗ ಎರಡೇ ಸೆಕೆಂಡಿನಲ್ಲಿ ಹಿಡಿದರು. "ನನ್ನ ಬ್ಯಾಗ್ ಎಂತ ಆಚೆ ಈಚೆ ಹೋಗುವುದು ಮಾರಾಯ?" ಹೌದಲ್ವಾ! ಅವರ ಬ್ಯಾಗ್ ಯಾವಾಗಲೂ ಎಡ ಸೊಂಟದಲ್ಲಿ. ಬಲಕ್ಕೆ ನಡೆಯುವಾಗ ಅದು ಮೈಯ ಹಿಂದೆ ಮರೆಯಾಗಿ, ನಮಗೆ ಎದೆ ಮೇಲಿನ ಪಟ್ಟಿ ಮಾತ್ರ ಕಾಣಬೇಕು. ಎಡಕ್ಕೆ ನಡೆಯುವಾಗ ಬ್ಯಾಗ್ ಪೂರ್ತಿ ಕಾಣಬೇಕು. ಕನ್ನಡಿಯ ಹಾಗೆ ತಿರುಗಿಸಿದರೆ ಅದು ಬದಿ ಬದಲಿಸುತ್ತದೆ. ಬ್ಯಾಗ್, ಹೆಗಲ ಮೇಲಿನ ಬೈರಾಸು, ಒಂದೇ ಕೈಯ ವಾಚು, ಇಂಥದ್ದೇನಾದರೂ ಇರುವ ಪಾತ್ರಕ್ಕೆ ಎರಡೂ ದಿಕ್ಕು ಬೇರೆ ಬೇರೆ ಬಿಡಿಸಲೇಬೇಕು.

ತಿದ್ದಿಕೊಡಿ ಎಂದರೆ ಎಲ್ಲ ಪದರಗಳನ್ನೂ ಒಂದು ಮಾಡಿಬಿಟ್ಟಿದ್ದೇನೆ ಎಂಬ ಉತ್ತರ. ಪದರ ಬೇರೆಯಿದ್ದ ಹಳೆಯ ಫೈಲ್ ಹುಡುಕಿ ಕೊಡಲು ಇನ್ನೂ 4,000 ಕೇಳಿದರು. ಕೊಡಲಿಲ್ಲ.

ದುಡ್ಡು ಹೋದದ್ದು ಹೋಯಿತು. ಹೊಟ್ಟೆ ಉರಿದದ್ದು ಆಮೇಲೆ. ಆ ಕಲಾವಿದರು ತಮ್ಮ ಕೆಲಸದ ಪ್ರಚಾರಕ್ಕೆ "ಫೋಟೋ ಹೀಗಿತ್ತು, ಸ್ಪ್ರೈಟ್ ಹೀಗಾಯಿತು" ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ಹಾಕಿದ್ದರು. ಅಣ್ಣನ ಮುಖ, ಹಿಂದೆ ಬಸ್ಸಿನ ಹೆಸರು, ನಂಬರ್, ಎಲ್ಲ ಸ್ಪಷ್ಟ. ಅದು ಹೇಗೋ ಅವರ ಲೈನಿನ ಬೇರೆ ಬಸ್ಸುಗಳ ಹುಡುಗರಿಗೆ ಸಿಕ್ಕಿತು. ದಿನಾ ಗೇಲಿ. ಅಣ್ಣ ನನಗೆ ಬೈಯಲಿಲ್ಲ, ಆದರೆ ಎರಡು ದಿನ ನನ್ನ ಮುಖ ನೋಡದೆ ಟಿಕೆಟ್ ಕೊಟ್ಟರು. ಅವರು ಒಪ್ಪಿದ್ದು ಆಟದಲ್ಲಿ ಬರುವುದಕ್ಕೆ. ಫೋಟೋ ಮೂರನೆಯವರ ಕೈಗೆ ಹೋಗುತ್ತದೆ ಎಂದು ನಾನು ಹೇಳಿಯೇ ಇರಲಿಲ್ಲ. ಫೋಟೋ ಎಲ್ಲೂ ಹಾಕಬಾರದು, ಕೆಲಸ ಮುಗಿದ ಮೇಲೆ ಅಳಿಸಬೇಕು ಎಂದು ಕಲಾವಿದರಿಗೂ ಬರೆದಿರಲಿಲ್ಲ. ಅದನ್ನು ತೆಗೆಸಲು ಹತ್ತು ಮೆಸೇಜ್ ಬೇಕಾಯಿತು.

ಈಗ ಮೊದಲಿನಿಂದ ಶುರು ಮಾಡಿದ್ದೇನೆ. ಅಣ್ಣನಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಓದಿ ಹೇಳಿ ಸಹಿ ಹಾಕಿಸಿಕೊಂಡೆ: ಫೋಟೋ ಯಾರ ಹತ್ತಿರ ಇರುತ್ತದೆ, ಪೋಸ್ಟರಿನಲ್ಲಿ ಮುಖ ಬರುವುದಿಲ್ಲ, ಬೇಡ ಎಂದರೆ ಯಾವಾಗ ಬೇಕಾದರೂ ತಲೆ ಬದಲಿಸುತ್ತೇನೆ. ಈ ಕೊನೆಯ ಮಾತಿಗಾಗಿಯೇ ತಲೆಯನ್ನು ಬೇರೆ ಪದರದಲ್ಲಿ ಇಡಿಸಿದ್ದೇನೆ. ಹೊಸ ಫೋಟೋಗಳನ್ನು ನಾಲ್ಕು ಮೀಟರ್ ದೂರದಿಂದ, ಕ್ಯಾಮೆರಾ ಅವರ ಸೊಂಟದ ಎತ್ತರಕ್ಕೆ ಹಿಡಿದು ತೆಗೆದೆ. ಎದುರು, ಹಿಂದೆ, ಎರಡೂ ಪಕ್ಕ. ಹಿನ್ನೆಲೆ ಬೋಳು ಗೋಡೆ. ಈ ಸಲ ಬಿಡಿಸುತ್ತಿರುವುದು ಪರಿಚಯದ ಹುಡುಗಿ. ಫ್ರೇಮ್ 64×64, ನಡೆಯುವ ಸಾಲು 8 ಫ್ರೇಮ್, ಅಂದರೆ ಸರಿಯಾಗಿ 512 ಅಗಲ. ಶೀಟ್ ಕೈಯಲ್ಲಿ ಜೋಡಿಸುವ ತಂಟೆಯೇ ಇಲ್ಲ. ಅವಳು ಪಿಕ್ಸೆಲ್ ಆರ್ಟ್ ಬಿಡಿಸುವ ಅಸೆಪ್ರೈಟ್ ಸಾಫ್ಟ್‌ವೇರಿನ ಫೈಲ್ ಕೊಡುತ್ತಾಳೆ, ನಾನು ಇಲ್ಲಿ ಹೊರತೆಗೆಯುತ್ತೇನೆ:

```
aseprite -b --tag nade_bala conductor.aseprite --sheet nade_bala.png --sheet-type horizontal
```

64 ಪಿಕ್ಸೆಲಿನಲ್ಲಿ ತಲೆಗೆ ಸಿಗುವುದು ಸುಮಾರು 16. ಅಷ್ಟರಲ್ಲಿ ಯಾರ ಮುಖವೂ ಅವರ ಮುಖದ ಹಾಗೆ ಇರುವುದಿಲ್ಲ, ಮೀಸೆ ಅಂದರೆ ಮೂರು ಕಪ್ಪು ಚುಕ್ಕಿ. ಗುರುತು ಹತ್ತುವುದು ನಿಲ್ಲುವ ರೀತಿಯಿಂದ. ಮೊದಲ ಶೀಟಿನಲ್ಲಿ ಅಣ್ಣ ಅಣ್ಣನ ಹಾಗೆ ಕಾಣದಿರಲು ಅದೂ ಕಾರಣ. ಫೋಟೋಗೆಂದು ನಿಂತಾಗ ಅವರು ಕೈ ಕೆಳಗೆ ಬಿಟ್ಟು ಶಾಲೆಯ ಮಕ್ಕಳ ಹಾಗೆ ನಿಂತಿದ್ದರು. ಕೆಲಸದಲ್ಲಿ ಅವರು ಹಾಗೆ ನಿಲ್ಲುವುದೇ ಇಲ್ಲ. ಒಂದು ದಿನ ಕೇಳಿಕೊಂಡು ಜ್ಯೋತಿ ಸ್ಟಾಪಿನಿಂದ ಹಂಪನಕಟ್ಟೆವರೆಗೆ ವಿಡಿಯೋ ತೆಗೆದೆ. ಕಂಬಕ್ಕೆ ಬೆನ್ನು ಕೊಟ್ಟು ಸ್ವಲ್ಪ ವಾಲಿ ನಿಲ್ಲುತ್ತಾರೆ. ಉದ್ದಕ್ಕೆ ಮಡಚಿದ ನೋಟುಗಳು ಎಡಗೈ ಬೆರಳುಗಳ ಸಂದಿಯಲ್ಲಿ.

ಹುಡುಗಿ ಆ ವಾಲಿದ ಬೆನ್ನು ಮತ್ತು ಬೆರಳ ಸಂದಿಗೆ ಮೂರು ಬಣ್ಣದ ಗೆರೆ ಹಾಕಿದಳು: ಹತ್ತರ ಕಂದು, ಐವತ್ತರ ನೀಲಿ, ನೂರರ ನೇರಳೆ. ಮೊನ್ನೆ ಫೋನ್ ತೋರಿಸಿದೆ. ಅಣ್ಣ ಹತ್ತಿರ ಹಿಡಿದು ನೋಡಿದರು, ನಕ್ಕರು.

"ಇದು ನಾನೇ. ಆದ್ರೆ ನೂರರದ್ದು ಕೈಯಲ್ಲಿ ಇಡ್ಲಿಕ್ಕಿಲ್ಲ, ಬ್ಯಾಗಿಗೆ ಹಾಕುವುದು. ಅದು ತೆಗೀಲಿಕ್ಕೆ ಹೇಳು."