ಕ್ಯಾಲಿಬ್ರೇಷನ್ನಿಗೆ ಘಟ್ಟದ ಮೇಲೆ ಬ್ಯಾಲೆನ್ಸ್ ಕಳ್ಸೋ ಮೊದ್ಲು ಆ ಲ್ಯಾಬಿನ ಪ್ರೊಸೀಜರ್ ತರ್ಸಿ ಓದಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಫ್ಯಾಕ್ಟರಿಯಲ್ಲಿ ಕ್ಯೂಸಿ ನೋಡ್ಕೊಳ್ಳೋರು, ಕಾಲೇಜ್ ಲ್ಯಾಬಿನವ್ರು, ಯಾರ ಹತ್ರ ನಾಲ್ಕು ದಶಮಾಂಶದ ಬ್ಯಾಲೆನ್ಸ್ ಇದ್ಯೋ ಅವ್ರೆಲ್ಲ ದಯವಿಟ್ಟು ಇದನ್ನ ಪೂರ್ತಿ ಓದಿ. ಲ್ಯಾಬಿನ ಹೆಸ್ರು ಹಾಕಲ್ಲ, ಕೇಳ್ಬೇಡಿ. ಹೆಸ್ರು ಗೊತ್ತಾದ್ರೆ ಆ ಒಂದು ಲ್ಯಾಬ್ ಬಿಟ್ಟು ಇನ್ನೊಂದಕ್ಕೆ ಹೋಗ್ತೀರಿ, ಅಲ್ಲೂ ಇದೇ ಥರದ ಪ್ರೊಸೀಜರ್ ಇದ್ರೆ ಎಂತ ಉಪಯೋಗ?

ನಮ್ದು ಕುಮಟಾ ಹತ್ರ ಮಸಾಲೆ ಪದಾರ್ಥದ ಸಣ್ಣ ಯೂನಿಟ್. ಬ್ಯಾಲೆನ್ಸ್ 220 ಗ್ರಾಂ ಕೆಪಾಸಿಟಿ, 0.1 ಮಿಲಿಗ್ರಾಂ ತನಕ ತೋರ್ಸತ್ತೆ, ಹಳೇ ಮಾಡೆಲ್, ಒಳಗೆ ತೂಕದ ಕಲ್ಲು ಇಲ್ಲ, ಅಡ್ಜಸ್ಟ್ ಮಾಡ್ಬೇಕಂದ್ರೆ ಹೊರಗಿಂದ 200 ಗ್ರಾಂ ವೆಯ್ಟ್ ಇಡ್ಬೇಕು. ಪ್ರತಿ ವರ್ಷ ಬರ್ತಿದ್ದ ಲ್ಯಾಬಿನವ್ರು ರೇಟ್ ಏರ್ಸಿದ್ರು ಅಂತ ಪರ್ಚೇಸ್ ಕಡೆಯವ್ರು ಘಟ್ಟದ ಮೇಲಿನ ಬೇರೆ ಲ್ಯಾಬ್ ಹುಡುಕಿದ್ರು. ಅವ್ರು ಫೋನಲ್ಲಿ ಹೇಳಿದ್ದು, "ಸೈಟ್ ವಿಸಿಟ್ ಯಾಕೆ ಮೇಡಂ, ಸುಮ್ನೆ ಖರ್ಚು, ಬಾಕ್ಸಲ್ಲಿ ಹಾಕಿ ಕಳ್ಸಿ, ಅಡ್ಜಸ್ಟ್ ಮಾಡಿ ಸರ್ಟಿಫಿಕೇಟ್ ಸಮೇತ ವಾಪಸ್ ಕಳ್ಸ್ತೀವಿ." ಕಳ್ಸಿದ್ರು. ವಾಪಸ್ ಬಂತು. ಸರ್ಟಿಫಿಕೇಟ್ ನೋಡೋಕೆ ಭಾರೀ ಚಂದ. 200 ಗ್ರಾಂಗೆ ಎರರ್ 0.1 ಮಿಲಿಗ್ರಾಂ, ಅನ್‌ಸರ್ಟನ್ಟಿ ± 0.2 ಮಿಲಿಗ್ರಾಂ, k = 2. ಟೆಂಪರೇಚರ್ 24 ಡಿಗ್ರಿ, ಹ್ಯುಮಿಡಿಟಿ 52 ಪರ್ಸೆಂಟ್.

ಬ್ಯಾಲೆನ್ಸ್ ಟೇಬಲ್ ಮೇಲಿಟ್ಟು, ಲೆವೆಲ್ ಗುಳ್ಳೆ ಮಧ್ಯಕ್ಕೆ ತಂದು, ರಾತ್ರಿಯಿಡೀ ಕರೆಂಟಲ್ಲಿ ಇಟ್ಟು, ಬೆಳಿಗ್ಗೆ ನಮ್ಮ 200 ಗ್ರಾಂ ಚೆಕ್ ವೆಯ್ಟ್ ಇಟ್ಟೆ. 200.0213. ತೆಗ್ದು ಇಟ್ಟೆ, 200.0212. ಇನ್ನೊಮ್ಮೆ, 200.0213. ನಮ್ಮ ಡೈಲಿ ಚೆಕ್ ಲಿಮಿಟ್ 2 ಮಿಲಿಗ್ರಾಂ, ಇಲ್ಲಿ 21! ಅದೇ ವಾರ ಗಿರಾಕಿ ಕಂಪನಿಯ ಆಡಿಟರ್ ಬಂದು ಒಂದು ಕೈಲಿ ಸರ್ಟಿಫಿಕೇಟ್ ಇನ್ನೊಂದು ಕೈಲಿ ನಮ್ಮ ಲಾಗ್ ಬುಕ್ ಹಿಡ್ಕೊಂಡು "ಇದ್ರಲ್ಲಿ ಯಾವ್ದು ಸುಳ್ಳು?" ಅಂತ ನಮ್ಮ ಮ್ಯಾನೇಜರ್ ಎದುರಿಗೇ ಕೇಳಿದ್ರು. ಮುಖ ಎಲ್ಲಿ ಇಟ್ಕೊಳ್ಳೋದು ಹೇಳಿ.

ಲ್ಯಾಬಿಗೆ ಫೋನ್ ಮಾಡಿದ್ರೆ ಉತ್ರ ರೆಡಿ ಇತ್ತು. "ನಮ್ಮ ಹತ್ರ ಇದ್ದಾಗ ಕರೆಕ್ಟ್ ಇತ್ತು ಮೇಡಂ, ಟ್ರಾನ್ಸ್‌ಪೋರ್ಟಲ್ಲಿ ಪೆಟ್ಟು ಬಿದ್ದಿರ್ಬೇಕು." ಪೆಟ್ಟು ಬಿದ್ದಿದ್ಯಾ ಇಲ್ವಾ ಅಂತ ನೋಡೋಕೆ ನಾನು 50, 100, 200 ಮೂರೂ ಇಟ್ಟು ನೋಡ್ದೆ. 50ಕ್ಕೆ 5.3 ಮಿಲಿಗ್ರಾಂ ಜಾಸ್ತಿ, 100ಕ್ಕೆ 10.6, 200ಕ್ಕೆ 21.3. ತೂಕ ಡಬಲ್ ಆದ್ರೆ ಎರರ್ರೂ ಡಬಲ್, ಗೆರೆ ಎಳೆದ ಹಾಗೆ. ಪ್ಯಾನಿನ ಮೂಲೆಗಳಲ್ಲಿ ಇಟ್ರೂ ವ್ಯತ್ಯಾಸ ಇಲ್ಲ, ಮತ್ತೆ ಮತ್ತೆ ಇಟ್ರೆ ಅದೇ ರೀಡಿಂಗ್. ಪೆಟ್ಟು ಬಿದ್ದಿದ್ರೆ ಸಾಮಾನ್ಯವಾಗಿ ಮೂಲೆ ರೀಡಿಂಗ್ ಕೆಡತ್ತೆ, ಇಲ್ಲಾ ರೀಡಿಂಗ್ ನಿಲ್ಲೋದೇ ಇಲ್ಲ. ಇಲ್ಲಿ ಸ್ಲೋಪ್ ಮಾತ್ರ ಬದ್ಲಾಗಿದೆ, ಹೆಚ್ಚು ಕಮ್ಮಿ ಹತ್ತು ಸಾವಿರಕ್ಕೆ ಒಂದು ಪಾಲು.

ಕಾರಣ ಗುರುತ್ವ ಮಾರಾಯ್ರೆ, ಬೇರೆ ಎಂತದೂ ಅಲ್ಲ. ಇಂಥ ಬ್ಯಾಲೆನ್ಸ್ ಅಳೆಯೋದು ಭೂಮಿ ಎಳೆಯೋ ಬಲನ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲೆ ಹೋದ್ರೆ ಆ ಎಳೆತ ಹತ್ತು ಸಾವಿರಕ್ಕೆ ಒಂದರಿಂದ ಎರಡು ಪಾಲಿನಷ್ಟು ಕಡ್ಮೆ ಆಗತ್ತೆ, ಜಾಗದಿಂದ ಜಾಗಕ್ಕೆ ಹೆಚ್ಚು ಕಡ್ಮೆ. ಅಲ್ಲಿ 200.0000 ಅಂತ ಅಡ್ಜಸ್ಟ್ ಮಾಡಿ ಇಲ್ಲಿ ಕಡಲ ಪಕ್ಕಕ್ಕೆ ತಂದ್ರೆ 20ರಿಂದ 40 ಮಿಲಿಗ್ರಾಂ ತನಕ ಜಾಸ್ತಿ ತೋರ್ಸಲೇಬೇಕು. ಬ್ಯಾಲೆನ್ಸ್ ಸರಿಯಾಗೇ ಇತ್ತು, ಅಳೆದ ಜಾಗ ತಪ್ಪು. ತೂಕದ ಕ್ಯಾಲಿಬ್ರೇಷನ್ ಮಾಡೋರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬಲ್ಲ.

ಅವಾಗ್ಲೇ ಪ್ರೊಸೀಜರ್ ಕಳ್ಸಿ ಅಂದೆ. "ಅದು ಕಾನ್ಫಿಡೆನ್ಶಿಯಲ್ ಮೇಡಂ." ಸರಿ, ಯಾವ ಮೆಥಡ್ ಅಂತಾದ್ರೂ ಹೇಳಿ ಅಂದ್ರೆ "ಇಷ್ಟು ಕಸ್ಟಮರ್ ಇದ್ದಾರೆ, ಯಾರೂ ಕೇಳಿಲ್ಲ ಮೇಡಂ." ಈ ಮಾತಿಗೆ ನಂಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಡಿಟ್ ರಿಪೋರ್ಟಲ್ಲಿ ಬರ್ದಿದ್ದಾರೆ, ಲಿಖಿತ ಉತ್ರ ಕೊಡಿ ಅಂತ ಮೇಲ್ ಹಾಕಿದ್ಮೇಲೆ ಕೊನೆಗೂ ಬಂತು, ಒಟ್ಟು ನಾಲ್ಕು ಪುಟ. ಅದನ್ನ ಓದಿದ್ಮೇಲೆ ಸಂಶಯ ಎಲ್ಲ ಹೋಯ್ತು. ಅದ್ರಲ್ಲಿ ಎಂತೆಂತ ಇರ್ಲಿಲ್ಲ ಅನ್ನೋದನ್ನೇ ಬರೀತೀನಿ, ನೀವು ನಿಮ್ಮ ಲ್ಯಾಬಿನ ಪ್ರೊಸೀಜರ್ ಓದುವಾಗ ಇದನ್ನೇ ಪಕ್ಕಕ್ಕೆ ಇಟ್ಕೊಳ್ಳಿ.

ಮೊದ್ಲು ಮೆಥಡ್. "ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ ಅಥವಾ ಗ್ರಾಹಕರ ಸ್ಥಳದಲ್ಲಿ ಮಾಡಬಹುದು" ಅಂತ ಒಂದೇ ಸಾಲು. ಬಳಸೋ ಜಾಗದಲ್ಲೇ ಮಾಡ್ಬೇಕು, ಜಾಗ ಬದ್ಲಾದ್ರೆ ಈ ರಿಸಲ್ಟ್ ನಡೆಯಲ್ಲ ಅನ್ನೋ ಮಾತೇ ಇಲ್ಲ. ಬ್ಯಾಲೆನ್ಸ್ ಪ್ರೊಸೀಜರಲ್ಲಿ ನಾನು ಇನ್ಮುಂದೆ ಮೊದ್ಲು ಹುಡುಕೋದು ಆ ಮಾತನ್ನೇ. ಎರಡನೇದು, ಅಡ್ಜಸ್ಟ್ ಮಾಡೋ ಮೊದ್ಲು ಬಂದ ಸ್ಥಿತಿಯ ರೀಡಿಂಗ್ ಬರ್ಕೋಬೇಕು ಅಂತ ಎಲ್ಲೂ ಇಲ್ಲ. ಅವ್ರು ಅಡ್ಜಸ್ಟ್ ಮಾಡಿದಾರೆ, ಮೊದ್ಲಿನ ರೀಡಿಂಗ್ ಇಲ್ಲ, ಅಂದ್ರೆ ಹೋದ ವರ್ಷದಿಂದ ನಮ್ಮ ಬ್ಯಾಲೆನ್ಸ್ ಎಷ್ಟು ಸರಿದಿತ್ತು ಅಂತ ತಿಳ್ಕೊಳ್ಳೋ ದಾರಿನೇ ಮುಚ್ಚೋಯ್ತು. ಕ್ಯಾಲಿಬ್ರೇಷನ್ ಲ್ಯಾಬುಗಳು ಪಾಲಿಸೋ 17025 ಸ್ಟ್ಯಾಂಡರ್ಡಲ್ಲೇ ಅಡ್ಜಸ್ಟ್ ಅಥವಾ ರಿಪೇರಿ ಮಾಡಿದ್ರೆ ಮೊದ್ಲಿಂದು ಆಮೇಲಿಂದು ಎರಡೂ ರಿಸಲ್ಟ್, ಇದ್ರೆ, ಕೊಡ್ಬೇಕು ಅಂತಿದೆ. ಆ "ಇದ್ರೆ" ಅನ್ನೋ ಸಂದಿಲೇ ಇವ್ರು ನುಸುಳ್ತಾರೆ, ತಗೊಳ್ಳೋದೇ ಇಲ್ಲ, ಹಂಗಾಗಿ ಕೊಡೋದೂ ಇಲ್ಲ. ಮತ್ತೆ ರಿಪೀಟೆಬಿಲಿಟಿಗೆ ಮೂರೇ ರೀಡಿಂಗ್. ಯುರಾಮೆಟ್‌ನ ಬ್ಯಾಲೆನ್ಸ್ ಗೈಡಲ್ಲಿ ಇಂಥ ಸಣ್ಣ ಬ್ಯಾಲೆನ್ಸಿಗೆ ಕಡ್ಮೆ ಅಂದ್ರೂ ಐದು ಬೇಕು, ಪ್ರೊಸೀಜರಿನ ಮೊದಲ ಪುಟದಲ್ಲಿ ಅದೇ ಗೈಡಿನ ಹೆಸ್ರು ಬೇರೆ ಹಾಕ್ಕೊಂಡಿದ್ದಾರೆ.

ಆಮೇಲೆ ವಾತಾವರಣ. ಬರ್ದಿದ್ದು ಇಷ್ಟೇ, 25 ± 5 ಡಿಗ್ರಿ, ಹ್ಯುಮಿಡಿಟಿ 80 ಪರ್ಸೆಂಟ್ ಒಳಗೆ. ಓದೋಕೆ ಸರಿ ಕಾಣತ್ತೆ. ಆದ್ರೆ ಕೆಲ್ಸ ನಡೀತಿರುವಾಗ ಟೆಂಪರೇಚರ್ ಎಷ್ಟು ಏರಿಳಿಬಹುದು? ಬ್ಯಾಲೆನ್ಸೂ ವೆಯ್ಟೂ ರೂಮಿಗೆ ಹೊಂದ್ಕೊಳ್ಳೋಕೆ ಎಷ್ಟು ಗಂಟೆ ಬಿಡ್ಬೇಕು? ಫ್ಯಾನ್, ಎಸಿ ಗಾಳಿ? ಲಿಮಿಟ್ ದಾಟಿದ್ರೆ ಕೆಲ್ಸ ನಿಲ್ಸೋದು ಯಾರು? ಒಂದಕ್ಕೂ ಉತ್ರ ಇಲ್ಲ. ಇದು ಯಾಕೆ ಮುಖ್ಯ ಅಂದ್ರೆ ನಮ್ಮ ಬ್ಯಾಲೆನ್ಸಿನ ಮ್ಯಾನುಯಲ್ಲಲ್ಲಿ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 2 ಪಾಲು ಸರಿಯತ್ತೆ ಅಂತಿದೆ, ಅಂದ್ರೆ 200 ಗ್ರಾಂಗೆ ಡಿಗ್ರಿಗೆ 0.4 ಮಿಲಿಗ್ರಾಂ. ಅವ್ರು ಅಳೆದಿದ್ದು 24ರಲ್ಲಿ. ಇಲ್ಲಿ ಆಟಿ ಮಳೇಲಿ ಕರೆಂಟ್ ಹೋಗಿ ಎಸಿ ನಿಂತ್ರೆ ರೂಮ್ 29ಕ್ಕೆ ಬರತ್ತೆ, ಐದು ಡಿಗ್ರಿಗೆ 2 ಮಿಲಿಗ್ರಾಂ, ಅಂದ್ರೆ ಅವ್ರು ಬರ್ಕೊಟ್ಟ 0.2ರ ಹತ್ತು ಪಟ್ಟು! ಲ್ಯಾಬಿನ ಒಳಗಿನ ಹವೆ ಬರ್ದು ನಮ್ಮ ರೂಮಿನ ಬ್ಯಾಲೆನ್ಸಿಗೆ ಸರ್ಟಿಫಿಕೇಟ್ ಕೊಡೋದು ಎಂತ ನ್ಯಾಯ.

ಈಗ ಅನ್‌ಸರ್ಟನ್ಟಿ, ನಿಜವಾಗಿ ಮೋಸ ಹೋದೆ ಅಂತ ಅನ್ಸಿದ್ದು ಇಲ್ಲೇ. ಗುರುತ್ವದ ವಿಷ್ಯ ಗೊತ್ತಾದಾಗ ಬರೀ ಸಿಟ್ಟು ಬಂದಿತ್ತು, ಇದನ್ನ ಲೆಕ್ಕ ಹಾಕಿ ನೋಡ್ದಾಗ ಕೈ ನಡುಗ್ತು. ಪ್ರೊಸೀಜರಲ್ಲಿ ಸೇರ್ಸಿದ್ದು ಎರಡೇ ಅಂಶ, ರಿಪೀಟೆಬಿಲಿಟಿ ಮತ್ತೆ ರೆಸಲ್ಯೂಷನ್. ಅವ್ರ ರಿಪೀಟೆಬಿಲಿಟಿ 0.08, ರೆಸಲ್ಯೂಷನ್ನಿಂದ 0.03, ಎರಡರ ವರ್ಗ ಕೂಡ್ಸಿ ಮೂಲ ತೆಗ್ದು ಎರಡರಿಂದ ಗುಣಿಸಿದ್ರೆ 0.17, ಅದನ್ನ 0.2 ಅಂತ ಬರ್ದಿದ್ದಾರೆ. ಅವ್ರು ಇಟ್ಟ ರೆಫರೆನ್ಸ್ ವೆಯ್ಟ್ ಎಲ್ಲಿ ಹೋಯ್ತು? ಅದಕ್ಕೆ ಅನ್‌ಸರ್ಟನ್ಟಿನೇ ಇಲ್ವಾ? ಅದೇ ಪ್ರೊಸೀಜರಲ್ಲಿ ವೆಯ್ಟ್ ಎಫ್1 ಕ್ಲಾಸ್ ಅಂತ ಇದೆ. ಒಐಎಂಎಲ್ ಆರ್ 111 ಪ್ರಕಾರ 200 ಗ್ರಾಂ ಎಫ್1 ವೆಯ್ಟಿಗೆ 1 ಮಿಲಿಗ್ರಾಂ ತನಕ ತಪ್ಪಿರೋಕೆ ಅವಕಾಶ ಇದೆ, ಅದನ್ನ ಕ್ಯಾಲಿಬ್ರೇಟ್ ಮಾಡಿದ ಅನ್‌ಸರ್ಟನ್ಟಿ ಆ ಲಿಮಿಟಿನ ಮೂರನೇ ಒಂದು ಪಾಲು, ಅಂದ್ರೆ 0.33 ಒಳಗಿದ್ರೆ ಸಾಕು. ಆ 0.33 ಹಿಡಿದು ಲೆಕ್ಕ ಹಾಕಿದ್ರೆ ಬರೋದು 0.37. ವೆಯ್ಟಿನ ನಿಜವಾದ ಬೆಲೆ ಬಿಟ್ಟು ಮೇಲೆ ಬರ್ದ 200 ಗ್ರಾಂ ಅಂತಲೇ ಹಿಡಿದಿದ್ರೆ, ಪ್ರೊಸೀಜರ್ ನೋಡಿದ್ರೆ ಹಾಗೇ ಕಾಣತ್ತೆ, 1ನ್ನ ಮೂರರ ವರ್ಗಮೂಲದಿಂದ ಭಾಗಿಸಿ 0.58, ಕೊನೆಗೆ 1.2 ಹತ್ರ ಬರತ್ತೆ. ಅಷ್ಟು ಅನುಮಾನ ಇರೋ ಕಲ್ಲಿಟ್ಟು 0.2 ತನಕ ಗೊತ್ತು ಅಂತ ಸಹಿ ಹಾಕಿ ಕೊಟ್ಟಿದ್ದಾರೆ. 0.2 ಬರ್ಬೇಕಿದ್ರೆ ಇ2 ವೆಯ್ಟಾದ್ರೂ ಬೇಕಿತ್ತು, ಅದ್ರ ಲಿಮಿಟ್ 200 ಗ್ರಾಂಗೆ 0.3.

ಇದನ್ನೇ ಅವ್ರಿಗೆ ಬರ್ದೆ. ಬಂದ ಉತ್ರ ಹಾಗೇ ಹಾಕ್ತೀನಿ: "ಮೇಡಂ, ನಿಮ್ದು ಮಸಾಲೆ ಫ್ಯಾಕ್ಟರಿ, ಇಷ್ಟು ಆಳಕ್ಕೆ ಯಾಕೆ ಹೋಗ್ತೀರಿ, ಬೇಕಿದ್ರೆ ಅನ್‌ಸರ್ಟನ್ಟಿ ಚೇಂಜ್ ಮಾಡಿ ಹೊಸ ಸರ್ಟಿಫಿಕೇಟ್ ಕಳ್ಸ್ತೀವಿ." ಚೇಂಜ್ ಮಾಡಿ ಕಳ್ಸ್ತಾರಂತೆ! ಅಳೆಯೋದೇ ಬೇಡ, ಬ್ಯಾಲೆನ್ಸ್ ನಮ್ಮ ಟೇಬಲ್ ಮೇಲೆ ಇದೆ, ಸರ್ಟಿಫಿಕೇಟ್ ಅಲ್ಲಿಂದ ಚೇಂಜ್ ಆಗತ್ತೆ.

ಇಲ್ಲಿ ಒಂದು ಮಾತು ಸರಿಯಾಗಿ ಹೇಳ್ಬೇಕು. ಏಲಕ್ಕಿ, ಮೆಣಸಿನ ತೇವಾಂಶ ಪರ್ಸೆಂಟಲ್ಲಿ ಬರೋದ್ರಿಂದ, ಮೊದ್ಲಿನ ತೂಕ ಒಣಗಿದ್ಮೇಲಿನ ತೂಕ ಎರಡೂ ಅದೇ ಪ್ರಮಾಣದಲ್ಲಿ ಜಾಸ್ತಿ ತೋರ್ಸತ್ತೆ, ಭಾಗಿಸಿದಾಗ ಹೊರಟೋಗತ್ತೆ. ಹಂಗಾಗಿ ನಮ್ಮ ಆ ರಿಸಲ್ಟ್ ಕೆಡ್ಲಿಲ್ಲ. ಆದ್ರೆ ನೀರು ತೂಗಿ ಫ್ಲಾಸ್ಕು ಪಿಪೆಟ್ಟು ಚೆಕ್ ಮಾಡೋ ಲ್ಯಾಬಿಗೆ ಈ ಎರರ್ ಹಾಗೇ ಕೂತ್ಕೊಳ್ಳತ್ತೆ. ನಮ್ಗೆ ನಷ್ಟ ಆಗ್ಲಿಲ್ಲ ಅನ್ನೋದು ಅವ್ರಿಗೆ ಕ್ಷಮೆ ಅಲ್ಲ.

ನಾವು ನಮ್ಮ ವೆಯ್ಟ್ ಇಟ್ಟು ಇಲ್ಲೇ ಅಡ್ಜಸ್ಟ್ ಮಾಡಿದ್ವಿ, ರೀಡಿಂಗ್ ಸರಿ ಆಯ್ತು, ಅದ್ರ ಜೊತೆಗೇ ಆ ಸರ್ಟಿಫಿಕೇಟಿಗೆ ಇದ್ದ ಚೂರುಪಾರು ಬೆಲೆನೂ ಹೋಯ್ತು, ಯಾಕಂದ್ರೆ ಅದು ಅಡ್ಜಸ್ಟ್ ಮೊದಲಿನ ಬ್ಯಾಲೆನ್ಸಿಂದು. ಹಳೇ ಲ್ಯಾಬಿನವ್ರನ್ನೇ ಕರ್ಸಿ ಮತ್ತೆ ದುಡ್ಡು ಕೊಟ್ಟು ಮಾಡ್ಸಿದ್ವಿ. ಈ ಲ್ಯಾಬ್ ಒಂದು ರೂಪಾಯಿ ವಾಪಸ್ ಕೊಟ್ಟಿಲ್ಲ.

ಪಿಒ ಹಾಕೋ ಮೊದ್ಲು ಪ್ರೊಸೀಜರ್ ಕೇಳಿ, ಪೂರ್ತಿ ಕೊಡಲ್ಲ ಅಂದ್ರೆ ಅವ್ರ ಆಫೀಸಲ್ಲೇ ಕೂತು ಓದ್ತೀನಿ ಅನ್ನಿ. ಎನ್‌ಎಬಿಎಲ್ ಸ್ಕೋಪ್ ತೆಗ್ದು ಬ್ಯಾಲೆನ್ಸ್ ಸೈಟಲ್ಲಿ ಮಾಡೋಕೆ ಮಾನ್ಯತೆ ಇದ್ಯಾ ನೋಡಿ, ಅಲ್ಲೇ ಸಿಎಂಸಿ ಅಂತ ಒಂದು ಕಾಲಂ ಇರತ್ತೆ, ಆ ಲ್ಯಾಬಿಗೆ ಸಾಧ್ಯ ಇರೋ ಅತಿ ಕಡ್ಮೆ ಅನ್‌ಸರ್ಟನ್ಟಿ ಅದು, ಸರ್ಟಿಫಿಕೇಟಿನ ಅನ್‌ಸರ್ಟನ್ಟಿ ಅದಕ್ಕಿಂತ ಕಡ್ಮೆ ಇರೋ ಹಾಗೇ ಇಲ್ಲ. ಇದ್ರೆ ಆ ಕಾಗದ ಅಲ್ಲೇ ವಾಪಸ್ ಕೊಡಿ. ಮತ್ತೆ ಅನ್‌ಸರ್ಟನ್ಟಿ ಬಜೆಟ್ ಟೇಬಲಲ್ಲಿ ರೆಫರೆನ್ಸ್ ವೆಯ್ಟಿನ ಸಾಲು ಇಲ್ದಿದ್ರೆ ಮುಂದೆ ಮಾತಾಡೋದೇ ಬೇಡ. "ಬಾಕ್ಸಲ್ಲಿ ಹಾಕಿ ಕಳ್ಸಿ" ಅಂದ ಲ್ಯಾಬಿನ ಫೋನ್ ಅಲ್ಲೇ ಕಟ್ ಮಾಡಿ.