ಬಾಗಲಕೋಟ ಫೈಬರ್, ಎರಡು ವರ್ಷದ ಬಳಕಿ: ಸ್ಪೀಡ್ ಚೊಲೋ ಐತಿ, ಮನಿ ಸರ್ವರ್ ಇಟ್ಟವ್ರು ಮಾತ್ರ ಪೂರ್ತಿ ಓದ್ರಿ

ನವನಗರದಾಗ ನಮ್ಮ ಮನಿಗೆ ಈ ಫೈಬರ್ ಹಾಕಿಸಿ ಎರಡು ವರ್ಷದ ಮ್ಯಾಲಾತು, 100 ಎಂಬಿಪಿಎಸ್ ಪ್ಲಾನು. ಕಂಪನಿ ಹೆಸರು ಬರಿಯೂದಿಲ್ಲ, ಯಾಕಂದ್ರ ಕೆಳಗ ಹೇಳೂದು ನಮ್ಮ ಕಡೆ ಸಾಕಷ್ಟು ಕನೆಕ್ಷನ್‌ಗೆ ಹಂಗ ಹೊಂದ್ತೈತಿ. ಸ್ಪೀಡ್ ಹೇಳಿದಷ್ಟು ಬರ್ತೈತಿ, ಗಾಳಿ ಮಳಿ ಟೈಮಿನ್ಯಾಗ ಕಂಬದ ಮ್ಯಾಲಿನ ಕೇಬಲ್ ಹರಿದ್ರ ಅವತ್ತ ಇಲ್ಲಾ ಮರುದಿನ ಬಂದು ಜೋಡಿಸಿ ಹೋಗ್ತಾರ. ಬರೇ ಯೂಟ್ಯೂಬ್, ವಾಟ್ಸಾಪ್, ಆಫೀಸ್ ಮೀಟಿಂಗ್ ಇದ್ದವ್ರು ಇಷ್ಟ ಓದಿ ತಗೋಬಹುದು, ತಕರಾರಿಲ್ಲ.

ನನ್ನ ಕಥಿ ಬ್ಯಾರೆ. ಮನ್ಯಾಗ ಒಂದು ಹಳೇ ಡೆಸ್ಕ್‌ಟಾಪ್‌ಗೆ ಉಬುಂಟು ಹಾಕಿ ಸರ್ವರ್ ಮಾಡೇನಿ, ಅದರಾಗ ಮನಿಮಂದಿ ಫೋಟೋ ಎಲ್ಲಾ ಇಮ್ಮಿಚ್‌ದಾಗ ಅದಾವ, ಅಂಗಡಿ ಬಿಲ್ಲಿನ ಬ್ಯಾಕಪ್ಪೂ ಅಲ್ಲೇ ಬೀಳ್ತೈತಿ. ಮನಿ ವೈಫೈದಾಗ ಎಲ್ಲಾ ಬೆಣ್ಣಿ ಹಂಗ ನಡೀತಿತ್ತು, ಆದ್ರ ಹಳೇ ಬಾಗಲಕೋಟ್ಯಾಗಿನ ಅಂಗಡಿಯಿಂದ ಸಿಗೂದಿಲ್ಲ, ಪುಣೆದಾಗ ಇರೋ ತಮ್ಮಗೂ ಸಿಗೂದಿಲ್ಲ. ನನ್ನ ರೌಟರ್‌ದಾಗ ವೈರ್‌ಗಾರ್ಡ್ ಸಲವಾಗಿ 51820 ಯುಡಿಪಿ ಪೋರ್ಟ್ ಫಾರ್ವರ್ಡ್ ಮಾಡಿದ್ನಿ, ಸೆಟ್ಟಿಂಗ್ ಸರಿ ಇತ್ತು, ಆದ್ರೂ ಫೋನಿನ್ಯಾಗ ಹ್ಯಾಂಡ್‌ಶೇಕ್ ಆಗೂದ ಇಲ್ಲ.

ಇಂಥಾ ಟೈಮಿನ್ಯಾಗ ಸರ್ವರ್ ಸೆಟ್ಟಿಂಗ್ ತಿರುವ್ಯಾಡೂದಕ್ಕಿಂತ ಮೊದ್ಲ ಒಂದು ಸಂಗತಿ ನೋಡಬೇಕು, ಹೊರಗಿಂದ ಬರೋ ಪ್ಯಾಕೆಟ್ ಸರ್ವರ್ ತನಕ ಮುಟ್ತೈತೋ ಇಲ್ಲೋ ಅಂತ. ಸರ್ವರ್ ಮ್ಯಾಲ ಇದನ್ನ ಓಡಿಸಿ ಬಿಡ್ರಿ:

```
sudo tcpdump -ni any udp port 51820
```

ಆಮ್ಯಾಲ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ಕನೆಕ್ಟ್ ಮಾಡಿ ನೋಡ್ರಿ. ವೈಫೈ ಆಫ್ ಮಾಡೂದು ಮರೀಬ್ಯಾಡ್ರಿ, ಯಾಕಂದ್ರ ಸಾಕಷ್ಟು ರೌಟರ್ ಒಳಗಿಂದ ಹೊರಗ ಹೋಗಿ ತಿರುಗಿ ಒಳಗ ಬರೋ ಟ್ರಾಫಿಕ್ ಬಿಡೂದಿಲ್ಲ, ಮನ್ಯಾಗ ಕುಂತು ಪಬ್ಲಿಕ್ ಅಡ್ರೆಸ್‌ಗೆ ಟೆಸ್ಟ್ ಮಾಡಿದ್ರ ಸುಳ್ಳ ರಿಸಲ್ಟ್ ಬರ್ತೈತಿ. ಸ್ಕ್ರೀನ್ ಮ್ಯಾಲ ಒಂದು ಲೈನರೆ ಬಂದ್ರ ಪ್ಯಾಕೆಟ್ ಮುಟ್ಟೈತಿ, ತೊಂದ್ರಿ ನಿಮ್ಮ ಕೀ, ಫೈರ್‌ವಾಲ್, ಕಾನ್ಫಿಗ್‌ದಾಗ ಐತಿ ಅಂತ ಅರ್ಥ. ನನಗ ಒಂದೂ ಬರ್ಲಿಲ್ಲ, ಅಂದ್ರ ದಾರ್ಯಾಗ ಎಲ್ಲೋ ನಿಂತೈತಿ.

ಎಲ್ಲಿ ನಿಂತೈತಿ ಅನ್ನೂದು ರೌಟರ್ ಪೇಜಿನ್ಯಾಗ WAN IP ನೋಡಿದ್ರ ಗೊತ್ತಾಗ್ತೈತಿ. ನನ್ನ ರೌಟರ್‌ದಾಗ ಅದು 192.168.1.5 ಇತ್ತು. ಇದು ಪಬ್ಲಿಕ್ ಐಪಿ ಅಲ್ಲ, ಗ್ವಾಡಿ ಮ್ಯಾಲ ಕಂಪನಿಯವ್ರು ಹಚ್ಚಿದ ಫೈಬರ್ ಬಾಕ್ಸ್ ಐತೆಲ್ಲಾ, ಓಎನ್‌ಟಿ ಅಂತಾರ, ಅದು ನನ್ನ ರೌಟರ್‌ಗೆ ಕೊಟ್ಟ ಐಪಿ. ಅಂದ್ರ ಆ ಬಾಕ್ಸೂ ರೌಟರ್, ನಂದೂ ರೌಟರ್, ಇಬ್ರೂ ನ್ಯಾಟ್ ಮಾಡ್ಲಿಕತ್ತಾರ. ಡಬಲ್ ನ್ಯಾಟ್ ಅನ್ನೂದು ಇದಕ್ಕ. ನಾ ತೆರದ ಪೋರ್ಟ್ ಒಳಗಿನ ಬಾಗಿಲದ್ದು, ಹೊರಗಿನ ಬಾಗಿಲ ಹಂಗ ಮುಚ್ಚಿತ್ತು.

ಆಮ್ಯಾಲ ಬಾಕ್ಸಿನ ಪೇಜಿಗೇ ಹೋಗಿ ನೋಡಿದ್ನಿ, ಅದರ WAN IP 100.72 ಇಂದ ಶುರು ಆಗ್ತಿತ್ತು. ಇಲ್ಲೇ ಅಸಲಿ ವಿಷಯ ಇರೂದು. 100.64.0.0 ಇಂದ 100.127.255.255 ತನಕದ ಐಪಿಗಳ್ನ 2012ರಾಗ ಪ್ರೊವೈಡರ್‌ಗಳ ಒಳಗಿನ ಬಳಕಿಗೆ ಅಂತನ ಬ್ಯಾರೆ ಎತ್ತಿಟ್ಟಾರ, ಈ ಸಾಲಿನ ಐಪಿ ಕಂಡ್ರ ಕಂಪನಿ ಕಡೆನೂ ಒಂದು ದೊಡ್ಡ ನ್ಯಾಟ್ ಐತಿ, ಸಿಜಿನ್ಯಾಟ್ ಅಂತಾರ, ಒಂದ ಪಬ್ಲಿಕ್ ಐಪಿ ಹಿಂದ ಎಷ್ಟೋ ಮನಿ ಇರ್ತಾವ. ಕೆಲವು ಕಂಪನಿ ಇದೇ ಕೆಲಸಕ್ಕ 10 ಇಂದ ಶುರು ಆಗೋ ಐಪಿ ಕೊಡ್ತಾವ, ಅದೂ ಅಷ್ಟ. ಖಾತ್ರಿ ಮಾಡ್ಕೊಳ್ಳಾಕ ಸರ್ವರ್‌ದಾಗ `curl -4 ifconfig.me` ಹೊಡೀರಿ, ಅದು ತೋರ್ಸೋ ಐಪಿ ಮತ್ತ ಬಾಕ್ಸಿನ WAN IP ಒಂದ ಇದ್ರ ನಿಮ್ಮದು ಪಬ್ಲಿಕ್, ಬ್ಯಾರೆ ಬ್ಯಾರೆ ಇದ್ರ ನಡುವ ಇನ್ನೊಂದು ನ್ಯಾಟ್ ಐತಿ. ಟ್ರೇಸ್‌ರೌಟ್‌ದಾಗ ನಡುವ 10 ಇಂದ ಶುರು ಆಗೋ ಐಪಿ ಕಂಡ್ರ ಅಷ್ಟಕ್ಕ ಸಿಜಿನ್ಯಾಟ್ ಅನಬ್ಯಾಡ್ರಿ, ಪಬ್ಲಿಕ್ ಐಪಿ ಇದ್ದವ್ರಿಗೂ ಕಂಪನಿ ಒಳಗಿನ ರೌಟರ್‌ಗಳು ಹಂಗ ಕಾಣ್ತಾವ.

ಹಿಂಗಾಗಿ ನಂದು ಡಬಲ್ ಅಲ್ಲ, ಲೆಕ್ಕಾ ಹಿಡದ್ರ ಮೂರು. ಇದು ಗೊತ್ತಾಗೂದು ಯಾಕ ಮುಖ್ಯ ಅಂದ್ರ, ಮೊದಲ್ನೇ ಎರಡು ನಮ್ಮ ಮನಿ ಒಳಗಿನವು, ಬಗಿಹರಿಸಬಹುದು, ಮೂರನೇದ್ದು ಕಂಪನಿಯವ್ರು ಮನಸ್ಸು ಮಾಡಿದ್ರ ಅಷ್ಟ. ಬಾಕ್ಸಿನ್ಯಾಗ ಪೋರ್ಟ್ ಫಾರ್ವರ್ಡ್ ಮಾಡಿ, ಡಿಎಂಝಡ್ ಮಾಡಿ ಅಂತ ಸಲಹೆ ಕೊಡೋರು ಬಾಳ ಮಂದಿ ಅದಾರ, ಸಿಜಿನ್ಯಾಟ್ ಇದ್ದಾಗ ಅದೆಲ್ಲಾ ನೀರಾಗ ಹೋಮ.

ಮೊದ್ಲ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದ್ರ ರೌಟರ್ ರೀಸ್ಟಾರ್ಟ್ ಮಾಡ್ರಿ ಅಂದ್ರು, ನೆಟ್ ನಡೀತೈತೆಲ್ರಿ ಸರ ಮತ್ತೇನು ತೊಂದ್ರಿ ಅಂದ್ರು. ಅವರ ತಪ್ಪೂ ಅಲ್ಲ ಬಿಡ್ರಿ, ಅವರ ಸ್ಕ್ರೀನಿನ್ಯಾಗ ನಮ್ಮ ಲೈನ್ ಹಸಿರು ಇರ್ತೈತಿ. ಕೆಲಸ ಆಗಿದ್ದು ಇಲ್ಲಿನ ಆಫೀಸಿಗೆ ಹೋಗಿ ನೆಟ್‌ವರ್ಕ್ ನೋಡೋ ಹುಡುಗನ ಕೂಡ ಮಾತಾಡಿದ ಮ್ಯಾಲ. "ಸರ್ವರ್ ಸಿಗವಲ್ದು" ಅನ್ನಬ್ಯಾಡ್ರಿ, ನೇರ ಕೇಳ್ರಿ: ಓಎನ್‌ಟಿ ಬ್ರಿಡ್ಜ್ ಮೋಡಿಗೆ ಹಾಕಿ ಪಿಪಿಪಿಓಇ ಯೂಸರ್ ಪಾಸ್‌ವರ್ಡ್ ಕೊಡ್ತೀರೇನು, ಸಿಜಿನ್ಯಾಟ್‌ದಿಂದ ಹೊರಗ ಪಬ್ಲಿಕ್ ಐಪಿ ಸಿಗ್ತೈತೇನು, ಐಪಿವಿ6 ಐತೇನು. ಆ ಹುಡುಗ "ಬ್ರಿಡ್ಜ್ ಮಾಡಿಕೊಡ್ತೀನ್ರಿ ಅಣ್ಣಾರ, ಆದ್ರ ಆಮ್ಯಾಲ ವೈಫೈ ಬರವಲ್ದು ಅಂತ ನಮಗ ಫೋನ್ ಹಚ್ಚಬ್ಯಾಡ್ರಿ" ಅಂದ. ಸರಿನ ಐತಿ, ಬ್ರಿಡ್ಜ್ ಆದ್ರ ಬಾಕ್ಸ್ ಬರೇ ಲೈಟನ್ನ ಈಥರ್ನೆಟ್ ಮಾಡಿ ಕೊಡೂದಷ್ಟ, ಉಳಿದಿದ್ದೆಲ್ಲಾ ನಮ್ಮ ರೌಟರ್ ಜವಾಬ್ದಾರಿ.

ಬ್ರಿಡ್ಜ್ ಆದ ದಿನ ನೆಟ್ಟ ಬರ್ಲಿಲ್ಲ. ಪಾಸ್‌ವರ್ಡ್ ಸರಿ ಇತ್ತು, ಆದ್ರ ನಮ್ಮ ಅಕೌಂಟ್ ಹಳೇ ಬಾಕ್ಸಿನ ಮ್ಯಾಕ್ ಅಡ್ರೆಸ್‌ಗೆ ಕಟ್ಟಿ ಇಟ್ಟಿದ್ರು, ಅದನ್ನ ಅವರ ಕಡೆ ರಿಸೆಟ್ ಮಾಡಿದ ಮ್ಯಾಲ ಪಟ್ನ ಕನೆಕ್ಟ್ ಆತು. ನಿಮಗೂ ಬ್ರಿಡ್ಜ್ ಆಗಿ ಲಾಗಿನ್ ಫೇಲ್ ಅಂತ ಬಂದ್ರ ಮೊದ್ಲ ಇದನ್ನ ಕೇಳ್ರಿ. ಬಾಕ್ಸಿಗೆ ಲ್ಯಾಂಡ್‌ಲೈನ್ ಫೋನ್ ಜೋಡಿಸಿದ್ರ ಅದು ನಡೀತೈತೋ ಇಲ್ಲೋ ಅದನ್ನೂ ಆಗ್ಲೇ ಕೇಳಿ ಇಟ್ಕೋರಿ.

ಈಗ ನನ್ನ ರೌಟರ್‌ದಾಗ WAN IP 100.72 ಅಂತ ಬರಾಕತ್ತಿತು. ಒಂದು ನ್ಯಾಟ್ ಕಡಿಮಿ ಆತು, ಹೊರಗಿಂದ ಮಾತ್ರ ಇನ್ನೂ ಸಿಗೂದಿಲ್ಲ. ಆದ್ರ ಬ್ರಿಡ್ಜ್‌ದಿಂದ ಒಂದು ಲಾಭ ಆತು, ಐಪಿವಿ6 ನೇರ ನನ್ನ ರೌಟರ್‌ಗೆ ಬಂತು, ಅದು ಮೊದ್ಲ ಬಾಕ್ಸಿನ್ಯಾಗ ಸಿಕ್ಕಿ ಬಿದ್ದಿತ್ತು. ಐಪಿವಿ6‌ದಾಗ ನ್ಯಾಟ್ ಗೊಡವಿನ ಇಲ್ಲ, ಸರ್ವರ್‌ಗೇ ಸ್ವಂತ ಪಬ್ಲಿಕ್ ಅಡ್ರೆಸ್. ಹಂಗಂತ ಎಲ್ಲಾ ತೆರದಿರ್ತೈತಿ ಅಂತಲ್ಲ, ರೌಟರ್‌ನ ಐಪಿವಿ6 ಫೈರ್‌ವಾಲ್ ಹೊರಗಿಂದ ಬರೂದನ್ನ ತಡೀತೈತಿ, ಅದರಾಗ ಸರ್ವರ್‌ನ 51820 ಯುಡಿಪಿ ಒಂದಕ್ಕ ದಾರಿ ಬಿಟ್ನಿ. ನಮ್ಮಲ್ಲಿ ಕರೆಂಟ್ ಹೋಗಿ ಬಂದಾಗೊಮ್ಮೆ ಪ್ರಿಫಿಕ್ಸ್ ಬದಲಾಗ್ತೈತಿ, ಅದಕ್ಕ ಡೈನಾಮಿಕ್ ಡಿಎನ್‌ಎಸ್ ಹೆಸರು ಬೇಕ ಬೇಕು, ಆ ಹೆಸರಿಗೆ AAAA ರೆಕಾರ್ಡ್ ಅಷ್ಟ ಇಡ್ರಿ. A ರೆಕಾರ್ಡೂ ಇದ್ರ ಫೋನು ಕೆಲವೊಮ್ಮೆ ಐಪಿವಿ4 ಕಡೆನ ಹೋಗಿ ಸಿಜಿನ್ಯಾಟ್‌ಗೆ ಬಡಕೊಂತೈತಿ. ಅಡ್ರೆಸ್ ಬದಲಾದಾಗ ಫೋನಿನ ವೈರ್‌ಗಾರ್ಡ್ ಹಳೇದನ್ನ ಹಿಡ್ಕೊಂಡ ಕುಂತಿರ್ತೈತಿ, ಒಮ್ಮೆ ಆಫ್ ಮಾಡಿ ಆನ್ ಮಾಡಿದ್ರ ಸರಿ ಆಗ್ತೈತಿ.

ತಮ್ಮನ ಸಿಮ್‌ದಾಗ ಐಪಿವಿ6 ಇತ್ತು, ಅವಗ ಪುಣೆದಾಗ ಕುಂತ ಫೋಟೋ ಎಲ್ಲಾ ಬರಾಕತ್ತು, ಖುಷಿ ಆದ. ಆದ್ರ ಅಂಗಡಿ ಬ್ರಾಡ್‌ಬ್ಯಾಂಡ್ ಬರೇ ಐಪಿವಿ4, ಅಲ್ಲಿಂದ ಐಪಿವಿ6 ಸರ್ವರ್ ಮುಟ್ಟಾಕ ದಾರಿನ ಇಲ್ಲ. ಎರಡೂ ಕಡೆ ಇದ್ರ ಅಷ್ಟ ಈ ಉಪಾಯ ನಡೀತೈತಿ.

ಅದಕ್ಕ ಕಡೀಕ ಸ್ಟ್ಯಾಟಿಕ್ ಐಪಿ ತಗೊಂಡ್ನಿ. ಮೊದ್ಲ ಬಿಸಿನೆಸ್ ಪ್ಲಾನ್‌ದವ್ರಿಗೆ ಅಷ್ಟ ಅಂದಿದ್ರು, ವರ್ಷದ ರೊಕ್ಕ ಒಮ್ಮೆ ಕಟ್ತೀನಿ ಅಂದಾಗ ಮನಿ ಪ್ಲಾನ್‌ಗೂ ಕೊಟ್ರು, ತಿಂಗಳಿಗೆ 200 ಮ್ಯಾಲ 18% ಜಿಎಸ್‌ಟಿ, ಒಟ್ಟು 236 ರೂಪಾಯಿ, ವರ್ಷಕ್ಕ 2832. ತುಟ್ಟಿ ಅನಿಸ್ತೈತಿ ಖರೇ, ಆದ್ರ ಐಪಿವಿ4 ತೀರಿ ಎಷ್ಟೋ ವರ್ಷ ಆತು, ನಮ್ಮ ಏಷ್ಯಾ ಭಾಗಕ್ಕ ಐಪಿ ಹಂಚೋ ಎಪಿನಿಕ್ ಕಡೀ ಬ್ಲಾಕಿಗೆ ಕೈ ಹಾಕಿದ್ದು 2011ರ ಏಪ್ರಿಲ್‌ದಾಗ. ಐಪಿ ಬಂದ ಮ್ಯಾಲ ರೌಟರ್‌ನ WAN IP ಮತ್ತ curl ತೋರ್ಸಿದ್ದು ಒಂದ ಆದವು, ಹಳೇ ಪೋರ್ಟ್ ಫಾರ್ವರ್ಡ್ ರೂಲ್ ಮುಟ್ಟಲಾರದ ನಡೀತು, ಅಂಗಡಿಯಿಂದ ಮೊದಲ್ನೇ ಹ್ಯಾಂಡ್‌ಶೇಕ್ ಆತು. ಆದ್ರ 80 ಮತ್ತ 443 ಪೋರ್ಟ್ ಹೊರಗಿಂದ ಬ್ಲಾಕ್ ಮಾಡ್ಯಾರ, ಇದನ್ನ ರೊಕ್ಕಾ ತಗೊಳ್ಳೋ ಮುಂದ ಯಾರೂ ಹೇಳ್ಲಿಲ್ಲ, ಒಂದು ಸ್ಟಾರ್ ಇದಕ್ಕ ಕಟ್. ನನಗ ವೈರ್‌ಗಾರ್ಡ್ ಒಂದ ಸಾಕಾಗಿತ್ತು, ವೆಬ್‌ಸೈಟ್ ಇಡೋರು ಮೊದ್ಲ ಕೇಳ್ಕೋರಿ.

ಕಂಪನಿ ಏನೂ ಕೊಡೂದಿಲ್ಲ ಅಂದ್ರ ಒಳಗಿಂದ ಹೊರಗ ಹೋಗೋ ಟನೆಲ್ ಒಂದ ಉಳಿದ ದಾರಿ. ನಡುವಿನ ದಿನದಾಗ ನಾನೂ ಬಳಸೇನಿ. ಟೇಲ್‌ಸ್ಕೇಲ್ ಹಾಕೂದು ಸರಳ, ಆದ್ರ `tailscale status` ಒಳಗ relay ಅಂತ ಬಂದ್ರ ಟ್ರಾಫಿಕ್ ದೂರದ ಸರ್ವರ್ ಸುತ್ತಿ ಬರ್ತೈತಿ, ವಿಡಿಯೋ ಎಳೀತೈತಿ, direct ಬಂದ್ರ ಆರಾಮ. ಕ್ಲೌಡ್‌ಫ್ಲೇರ್ ಟನೆಲ್ ಫ್ರೀ ಪ್ಲಾನ್‌ದಾಗ ಒಂದು ಅಪ್‌ಲೋಡ್‌ಗೆ 100 ಎಂಬಿ ಮಿತಿ ಐತಿ, ಫೋಟೋ ಹೋಗ್ತಾವ, ಮದವಿ ವಿಡಿಯೋ ನಡುವ ನಿಂತು ಬಿಡ್ತಾವ. ಸ್ವಂತ ವಿಪಿಎಸ್ ತಗೊಂಡು ಮನಿಯಿಂದ ಅದಕ್ಕ ವೈರ್‌ಗಾರ್ಡ್ ಕಟ್ಟಿದ್ರ ಈ ಮಿತಿ ಇಲ್ಲ, ಮನಿ ಕಡೆ ಕಾನ್ಫಿಗ್‌ದಾಗ `PersistentKeepalive = 25` ಇಡಬೇಕು, ಇಲ್ಲಂದ್ರ ಸುಮ್ನ ಕುಂತಾಗ ಕಂಪನಿ ನ್ಯಾಟ್ ದಾರಿ ಮುಚ್ಚಿ ಬಿಡ್ತೈತಿ.

ಈಗ ಉಳಿದ ಕಿರಿಕಿರಿ ಒಂದ ಐತಿ. ಕಂಪನಿಯವ್ರು ಬಾಕ್ಸಿಗೆ ದೂರದಿಂದ ಸೆಟ್ಟಿಂಗ್ ಕಳಸ್ತಾರ, ಹಂಗ ಕಳಿಸಿದಾಗ ಇಲ್ಲಾ ಸಿಡ್ಲಿಗೆ ಬಾಕ್ಸ್ ಸುಟ್ಟು ಹೊಸಾದು ಹಚ್ಚಿದಾಗ ಬ್ರಿಡ್ಜ್ ಹೋಗಿ ಮತ್ತ ರೌಟರ್ ಮೋಡಿಗೆ ಬರ್ತೈತಿ. ಮನ್ಯಾಗ ನೆಟ್ ನಡದ ಇರ್ತೈತಿ, ಹಿಂಗಾಗಿ ಗೊತ್ತ ಆಗೂದಿಲ್ಲ, ಅಂಗಡಿಯಿಂದ ಬ್ಯಾಕಪ್ ನಿಂತ್ರ ಮಾತ್ರ ತಿಳೀತೈತಿ. ಹಂಗಾದಾಗ ನಾ ಮೊದ್ಲ ನೋಡೂದು ರೌಟರ್‌ನ WAN IP, ಅಲ್ಲಿ 192.168.1 ಕಂಡ್ರ ಆ ಹುಡುಗಗ ಒಂದು ವಾಟ್ಸಾಪ್ ಮೆಸೇಜ್ ಹಾಕ್ತೇನಿ, ಸಂಜೀತನಕ ಸರಿ ಮಾಡ್ತಾನ. ಇಂಟರ್ನೆಟ್‌ಗೆ 5ಕ್ಕ 4, ಕಸ್ಟಮರ್ ಕೇರ್‌ಗೆ 2, ಆ ಹುಡುಗಗ ಪೂರಾ 5.